ನೀಟ್ ಅಡ್ಮಿಟ್ ಕಾರ್ಡಿನ ಸೂಚನೆಗಳನ್ನು ಫೋಟೋದಿಂದ ಕನ್ನಡಕ್ಕೆ ತರುವುದು ಹೇಗೆ: ಏನು ಒಯ್ಯಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಗೇಟಿನಲ್ಲಿ ಏನು ನೋಡುತ್ತಾರೆ

ಪ್ರತಿ ವರ್ಷ ನೀಟ್ ಹತ್ತಿರ ಬಂದಾಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಕಥೆ. ಸೈಬರ್ ಸೆಂಟರಿನವರು ಅಡ್ಮಿಟ್ ಕಾರ್ಡ್ ಪ್ರಿಂಟ್ ತೆಗೆದುಕೊಡುತ್ತಾರೆ, ಮಗಳೋ ಮಗನೋ ಅದರ ಫೋಟೋ ಹೊಡೆದು ಅಪ್ಪನ ವಾಟ್ಸ್ಯಾಪಿಗೆ ಕಳಿಸುತ್ತಾರೆ, ಅಪ್ಪ ಅದನ್ನು ಇಂಗ್ಲಿಷ್ ಚೆನ್ನಾಗಿ ಬರುವ ಯಾರಿಗಾದರೂ ಕಳಿಸಿ "ಇದರಲ್ಲಿ ಏನಿದೆ ಸ್ವಲ್ಪ ಹೇಳಿ ಸಾರ್" ಅಂತಾರೆ. ಆ "ಯಾರಾದರೂ" ನೀವಾಗಿದ್ದರೆ ಈ ಬರಹ ನಿಮಗೆ. ಮಕ್ಕಳು ಇಂಗ್ಲಿಷ್ ಓದಬಲ್ಲರು, ನಿಜ. ಆದರೆ ಆ ವಾರ ಅವರ ತಲೆಯಲ್ಲಿ ಬಯಾಲಜಿ ಮಾತ್ರ ಇರುತ್ತದೆ. ಬಟ್ಟೆ, ಫೋಟೋ, ಆಧಾರ್, ಆಟೋ ಎಲ್ಲ ನೋಡಿಕೊಳ್ಳುವವರು ಅಪ್ಪ ಅಮ್ಮ. ಅವರಿಗೆ ಅರ್ಥವಾಗಬೇಕು.

ಸಾಲು ಸಾಲಾಗಿ ಕನ್ನಡ ಮಾಡಿ ಕೊಟ್ಟರೆ ಸಾಲದು. ಆ ಹಾಳೆಯ ತೊಂದರೆ ಬರೀ ಇಂಗ್ಲಿಷ್ ಅಲ್ಲ. ಮನೆಯಲ್ಲಿ ಮಾಡಬೇಕಾದ್ದು, ಗೇಟಿನಲ್ಲಿ ತೋರಿಸಬೇಕಾದ್ದು, ಪರೀಕ್ಷೆ ಕೊಠಡಿಯೊಳಗೆ ಮೇಲ್ವಿಚಾರಕರ ಕಣ್ಣೆದುರೇ ಮಾಡಬೇಕಾದ್ದು, ಈ ಮೂರೂ ಅಲ್ಲಿ ಕಲಸಿಕೊಂಡಿವೆ. ಒಂದು ಸಾಲು ಫೋಟೋ ಅಂಟಿಸುವ ಬಗ್ಗೆ, ಮುಂದಿನದು ಶೂ ಬಗ್ಗೆ, ಅದರ ಮುಂದಿನದು ಸಹಿ ಬಗ್ಗೆ. ಕನ್ನಡ ಮಾಡುವಾಗ "ಏನು" ಎಂಬುದರ ಜೊತೆ "ಯಾವಾಗ" ಎಂಬುದನ್ನೂ ಹಿಡಿದರೆ ಅರ್ಧ ಗೊಂದಲ ಹೋಗುತ್ತದೆ.

ಕೆಳಗೆ ಹೇಳಿರುವ ನಿಯಮಗಳು ನೀಟ್ ಯುಜಿಯವು, 2025ರ ಪರೀಕ್ಷೆ ನಡೆದ ರೀತಿಯವು. ಸಮಯ, ಪಟ್ಟಿ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತವೆ. ನಿಮ್ಮ ಕೈಲಿರುವ ಹಾಳೆಯಲ್ಲಿ ಬೇರೆ ಇದ್ದರೆ ಅದೇ ಸರಿ. ಸಿಇಟಿ, ಜೆಇಇಗೆ ಸಮಯವೂ ಬೇರೆ, ಪೆನ್ನಿನ ನಿಯಮವೂ ಬೇರೆ. ಇದನ್ನು ಅವಕ್ಕೆ ಹೊಂದಿಸಲು ಹೋಗಬೇಡಿ.

ಮೊದಲು ಸರಿಯಾದ ಹಾಳೆ ಕೈಗೆ ಬರಲಿ

ನಿಮಗೆ ಬಂದ ಫೋಟೋ ಯಾವುದರದ್ದು ಅಂತ ಮೊದಲು ನೋಡಿ. ಅಡ್ಮಿಟ್ ಕಾರ್ಡ್ ಬರುವುದಕ್ಕೆ ಮೊದಲು, ಪರೀಕ್ಷೆ ನಡೆಸುವ ಸಂಸ್ಥೆ ಎನ್‌ಟಿಎ ಇನ್ನೊಂದು ಹಾಳೆ ಬಿಡುತ್ತದೆ, ಅದು ಸಿಟಿ ಸ್ಲಿಪ್. ಅದರಲ್ಲಿ ಪರೀಕ್ಷೆ ಯಾವ ಊರಿನಲ್ಲಿ ಅಂತ ಮಾತ್ರ ಇರುತ್ತದೆ, ಯಾವ ಶಾಲೆ ಅಂತ ಇರುವುದಿಲ್ಲ. ಅದನ್ನು ಹಿಡಿದು ಹೋದರೆ ಒಳಗೆ ಬಿಡುವುದಿಲ್ಲ. ಅಡ್ಮಿಟ್ ಕಾರ್ಡಿನಲ್ಲಿ ರೋಲ್ ನಂಬರ್, ಕೇಂದ್ರದ ಪೂರ್ತಿ ವಿಳಾಸ, ರಿಪೋರ್ಟಿಂಗ್ ಟೈಮ್ ಎಲ್ಲ ಇರುತ್ತದೆ.

ಇನ್ನೊಂದು ವಿಷಯ, ಆ ಕಾರ್ಡ್ ಒಂದೇ ಪುಟದ್ದಲ್ಲ. ಮೊದಲ ಪುಟದಲ್ಲಿ ವಿವರ ಮತ್ತು ಸ್ವಯಂ ಘೋಷಣೆ, ಎರಡನೆಯದರಲ್ಲಿ ದೊಡ್ಡ ಫೋಟೋ ಅಂಟಿಸುವ ಜಾಗ, ಆಮೇಲೆ ಸೂಚನೆಗಳು. ಬಹಳ ಜನ ಮೊದಲ ಪುಟದ ಫೋಟೋ ಮಾತ್ರ ಕಳಿಸುತ್ತಾರೆ. ಎಲ್ಲ ಪುಟಗಳನ್ನೂ ಕೇಳಿ ತರಿಸಿಕೊಳ್ಳಿ.

ಸಾಧ್ಯವಾದರೆ ಫೋಟೋ ಬೇಡ, ಪಿಡಿಎಫ್ ಫೈಲನ್ನೇ ತರಿಸಿಕೊಳ್ಳಿ. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. 1:30 ಹೋಗಿ 1:50 ಥರ ಕಂಡರೆ ಏನು ಗತಿ? ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪಿಡಿಎಫ್ ಕಳೆದುಹೋಗಿದ್ದರೆ neet.nta.nic.in ತೆರೆದು, ಅರ್ಜಿ ನಂಬರ್ ಮತ್ತು ಅದು ಕೇಳುವ ಉಳಿದ ವಿವರ ಕೊಟ್ಟು ಮತ್ತೆ ಇಳಿಸಿಕೊಳ್ಳಬಹುದು.

ಫೋಟೋನೇ ಗತಿ ಅಂತಾದರೆ ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಕಿಟಕಿ ಬೆಳಕಿನಲ್ಲಿ, ಕೈ ನೆರಳು ಬೀಳದ ಹಾಗೆ, ಪುಟಕ್ಕೆ ಎರಡು ಫೋಟೋ ತೆಗೆಯಲು ಹೇಳಿ, ಮೇಲಿನ ಅರ್ಧ ಒಂದು, ಕೆಳಗಿನ ಅರ್ಧ ಒಂದು. ಗುಂಪುಗಳಿಗೆ ಹಾಕುವ ಹಾಗಿದ್ದರೆ ಸೂಚನೆಯ ಪುಟ ಮಾತ್ರ ಹಾಕಿ. ಮೊದಲ ಪುಟದಲ್ಲಿ ಮಗುವಿನ ಮುಖ, ಹುಟ್ಟಿದ ದಿನ, ರೋಲ್ ನಂಬರ್ ಎಲ್ಲ ಇರುತ್ತದೆ. ಅದು ಸುಮ್ನೆ ಊರೆಲ್ಲ ಸುತ್ತುವುದು ಬೇಡ.

ಫೋನಿನ ಅನುವಾದವನ್ನು ಎಷ್ಟು ನಂಬಬೇಕು

ಗೂಗಲ್ ಲೆನ್ಸ್ ಫೋಟೋ ಮೇಲೇ ಕನ್ನಡ ಹಾಕಿ ತೋರಿಸುತ್ತದೆ. ಏನು ವಿಷಯ ಅಂತ ಗೊತ್ತುಮಾಡಿಕೊಳ್ಳಲು ಅದು ಸಾಕು. ಅದನ್ನೇ ನಂಬಿ ಮಗುವನ್ನು ಕಳಿಸಲು ಸಾಲದು. ಇಡೀ ಪುಟಕ್ಕೆ ಒಟ್ಟಿಗೆ ಹಿಡಿದರೆ ಅಕ್ಕಪಕ್ಕದ ಕಾಲಂಗಳ ಸಾಲುಗಳು ಬೆರೆತುಹೋಗಬಹುದು, ಅದಕ್ಕೆ ಒಂದೊಂದೇ ಪ್ಯಾರಾ ಕತ್ತರಿಸಿ ನೋಡಿ. ಆಮೇಲೆ ಇಂಗ್ಲಿಷ್ ಮೂಲದ ಜೊತೆ ಕೂತು ಮೂರು ಥರದ ಜಾಗ ಕೈಯಿಂದ ತಾಳೆ ನೋಡಿ. ಅಂಕಿ ಇರುವ ಕಡೆ ಎಲ್ಲ. "ಇಲ್ಲ", "ಮಾತ್ರ" ಎಂಬ ಅರ್ಥ ಬರುವ ಕಡೆ ಎಲ್ಲ. "ಮೊದಲು", "ಎದುರಿನಲ್ಲಿ" ಎಂಬ ಅರ್ಥ ಬರುವ ಕಡೆ ಎಲ್ಲ. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ, ಜಾಸ್ತಿ ಪೆಟ್ಟು ಬೀಳುವುದೂ ಅಲ್ಲೇ. ಹೆಬ್ಬೆಟ್ಟು ಮೊದಲೇ ಒತ್ತಿರಬೇಕು, ಸಹಿ ಮೊದಲೇ ಹಾಕಿರಬಾರದು. ಒಂದೇ ಪುಟದ ಎರಡು ಚೌಕಗಳಿಗೆ ಎರಡು ಬೇರೆ ಸಮಯ.

ಮನೆಯಲ್ಲಿ, ಹಿಂದಿನ ದಿನವೇ

ಮೂರು ಫೋಟೋ ಬೇಕು. ಒಂದು ಪಾಸ್‌ಪೋರ್ಟ್ ಸೈಜ್, ಮೊದಲ ಪುಟದ ಚೌಕದಲ್ಲಿ ಅಂಟಿಸಲು. ಒಂದು ಪೋಸ್ಟ್‌ಕಾರ್ಡ್ ಸೈಜ್, ಅಂದರೆ 4 ಇಂಚು 6 ಇಂಚು, ಬಿಳಿ ಹಿನ್ನೆಲೆಯದ್ದು, ಎರಡನೇ ಪುಟದಲ್ಲಿ ಅಂಟಿಸಲು. ಇನ್ನೊಂದು ಪಾಸ್‌ಪೋರ್ಟ್ ಸೈಜ್ ಬಿಡಿಯಾಗಿ ಕೈಲಿ, ಒಳಗೆ ಹಾಜರಿ ಹಾಳೆಗೆ ಅಂಟಿಸಲು. ಮೂರೂ ಅರ್ಜಿಗೆ ಅಪ್ಲೋಡ್ ಮಾಡಿದ್ದ ಫೋಟೋದ್ದೇ ಆಗಿರಬೇಕು. ಸ್ಟುಡಿಯೋದವರಿಗೆ "ಪೋಸ್ಟ್‌ಕಾರ್ಡ್ ಸೈಜ್" ಅಂದರೆ ಗೊತ್ತಾಗುತ್ತದೆ, ಆದರೆ ಪರೀಕ್ಷೆ ಬೆಳಗ್ಗೆ ಭಾನುವಾರ, ಎಷ್ಟೋ ಸ್ಟುಡಿಯೋ ಬಾಗಿಲು ತೆರೆದಿರುವುದಿಲ್ಲ. ಹಾಗಾಗಿ ಶುಕ್ರವಾರವೇ ಮುಗಿಸಿ. ಅಂಟಿಸಲು ಗೋಂದು ಬಳಸಿ. ಪಿನ್ ಹೊಡೆಯಬೇಡಿ.

ಹೆಬ್ಬೆಟ್ಟು ಎಡಗೈಯದ್ದು. ಹುಡುಗಿಯರದ್ದೂ ಎಡಗೈ, ಹುಡುಗರದ್ದೂ ಎಡಗೈ. ಕಲಸಿಹೋಗದ ಹಾಗೆ ಗೆರೆಗಳು ಕಾಣುವಂತಿರಬೇಕು. ಇಂಕ್ ಪ್ಯಾಡಿನ ಮೇಲೆ ಒತ್ತಿದ ಮೇಲೆ ಮೊದಲು ರದ್ದಿ ಹಾಳೆಯಲ್ಲಿ ಎರಡು ಸಲ ಒತ್ತಿ ಜಾಸ್ತಿ ಇಂಕ್ ಹೋಗಲಿ, ಮೂರನೆಯದನ್ನು ಕಾರ್ಡಿನ ಮೇಲೆ ಒತ್ತಿ, ಐದು ನಿಮಿಷ ಮುಟ್ಟದೆ ಒಣಗಲು ಬಿಡಿ. ಕಲಸಿಹೋಯಿತೋ, ಅದರ ಮೇಲೇ ಇನ್ನೊಂದು ಒತ್ತಬೇಡಿ. ಅದಕ್ಕೇ ಕಾರ್ಡಿನ ಎರಡು ಪ್ರತಿ ಪ್ರಿಂಟ್ ತೆಗೆಸಿಟ್ಟಿರಿ ಅನ್ನುವುದು.

ಸ್ವಯಂ ಘೋಷಣೆಯಲ್ಲಿ ತುಂಬಬೇಕಾದ ಖಾಲಿ ಜಾಗಗಳನ್ನು ತುಂಬಿ. ಆದರೆ ಅಭ್ಯರ್ಥಿಯ ಸಹಿ "ಮೇಲ್ವಿಚಾರಕರ ಎದುರಿನಲ್ಲಿ" ಅಂತ ಇರುವ ಚೌಕವನ್ನು ಖಾಲಿ ಬಿಡಿ. ಪೋಸ್ಟ್‌ಕಾರ್ಡ್ ಫೋಟೋ ಪಕ್ಕದ ಸಹಿಯೂ ಅಷ್ಟೇ. ಮಕ್ಕಳು ಎಲ್ಲವನ್ನೂ ನೀಟಾಗಿ ತುಂಬಿಸಿಡುವ ಉತ್ಸಾಹದಲ್ಲಿ ಇದನ್ನೂ ಹಾಕಿಬಿಡುತ್ತಾರೆ, ಅದಕ್ಕೇ ಆ ಚೌಕಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಡಿ, ಹೊರಡುವ ಮುಂಚೆ ಅಳಿಸಿ. ಹಾಗೇ ಹಾಕಿಬಿಟ್ಟಿದ್ದರೆ ಗಾಬರಿ ಬೇಡ, ಎರಡನೇ ಪ್ರತಿ ತೆಗೆದುಕೊಂಡು ಹೊಸದಾಗಿ ಅಂಟಿಸಿ ತುಂಬಿ.

ಈ ಹೊತ್ತಿನಲ್ಲೇ ಇನ್ನೊಂದು ಸಾಲು ನೋಡಿ: ಪ್ರಶ್ನೆಪತ್ರಿಕೆಯ ಭಾಷೆ. ಅರ್ಜಿಯಲ್ಲಿ ಕನ್ನಡ ಆರಿಸಿದ್ದರೆ ಅಲ್ಲಿ ಕನ್ನಡ ಅಂತಲೇ ಇರಬೇಕು. ಕನ್ನಡದ ಪತ್ರಿಕೆಯಲ್ಲಿ ಇಂಗ್ಲಿಷ್ ಕೂಡ ಇರುತ್ತದೆ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷಿನದ್ದೇ ಅಂತಿಮ. ಹೆಸರು, ಫೋಟೋ, ಸಹಿ, ಭಾಷೆ ಇವುಗಳಲ್ಲಿ ಏನಾದರೂ ತಪ್ಪಿದ್ದರೆ ಅವತ್ತೇ ಎನ್‌ಟಿಎ ಸಹಾಯವಾಣಿ 011-40759000ಕ್ಕೆ ಫೋನ್ ಮಾಡಿ, ಮೇಲ್ ಕೂಡ ಹಾಕಿ. ಗೇಟಿನಲ್ಲಿ ನಿಂತಿರುವವರ ಕೈಲಿ ಇದನ್ನು ತಿದ್ದಲು ಆಗುವುದಿಲ್ಲ.

ಎರಡು ಸಮಯ, ಎರಡು ಅರ್ಥ

ಕಾರ್ಡಿನ ಮೇಲೆ ರಿಪೋರ್ಟಿಂಗ್ ಟೈಮ್ ಅಂತ ಒಂದು, ಗೇಟ್ ಮುಚ್ಚುವ ಸಮಯ ಅಂತ ಇನ್ನೊಂದು ಇರುತ್ತದೆ. ಪರೀಕ್ಷೆ ಮಧ್ಯಾಹ್ನ 2ರಿಂದ 5. ಗೇಟ್ ಮುಚ್ಚುವುದು 1:30ಕ್ಕೆ. ರಿಪೋರ್ಟಿಂಗ್ ಟೈಮ್ ಎಲ್ಲರಿಗೂ ಒಂದೇ ಅಲ್ಲ, ಗೇಟಿನಲ್ಲಿ ಎಲ್ಲರೂ ಒಟ್ಟಿಗೆ ಸೇರದಿರಲಿ ಅಂತ ಬೇರೆ ಬೇರೆ ಹೊತ್ತು ಕೊಟ್ಟಿರುತ್ತಾರೆ. ಗೆಳತಿಯ ಕಾರ್ಡಿನಲ್ಲಿ 12 ಅಂತ ಇದ್ದರೆ ನಿಮ್ಮದರಲ್ಲಿ 11 ಇರಬಹುದು.

ಮನೆಯವರಿಗೆ ಹೇಳುವಾಗ ರಿಪೋರ್ಟಿಂಗ್ ಟೈಮಿಗೆ "ಗೇಟಿನ ಹತ್ತಿರ ನಿಂತಿರಬೇಕಾದ ಹೊತ್ತು" ಅಂತಲೂ, ಇನ್ನೊಂದಕ್ಕೆ "ಇದಾದ ಮೇಲೆ ಯಾರು ಕೇಳಿಕೊಂಡರೂ ಬಾಗಿಲು ತೆರೆಯದ ಹೊತ್ತು" ಅಂತಲೂ ಹೇಳಿ. ಬರೀ "ವರದಿ ಮಾಡುವ ಸಮಯ" ಅಂತ ಬರೆದುಕೊಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. 1:30ರವರೆಗೂ ಬಿಡ್ತಾರಲ್ಲ ಅಂತ 1:20ಕ್ಕೆ ಬಂದು ಇಳಿಯುವವರು ಇದ್ದಾರೆ. ಅಷ್ಟು ಹೊತ್ತಿಗೆ ಸಾಲು ಇರುತ್ತದೆ, ಒಬ್ಬೊಬ್ಬರನ್ನೂ ತಪಾಸಣೆ ಮಾಡಿ, ಬಯೋಮೆಟ್ರಿಕ್ ತೆಗೆದು ಬಿಡುತ್ತಿರುತ್ತಾರೆ. ಪ್ರಶ್ನೆಪತ್ರಿಕೆ ಕೂಡ 2 ಗಂಟೆಗೆ ಸ್ವಲ್ಪ ಮುಂಚೆಯೇ ಕೈಗೆ ಬರುತ್ತದೆ, ಮೇಲಿನ ವಿವರ ತುಂಬಲು. ಓಡಿಬಂದು ಕೂತವರ ಕೈ ಆಗ ನಡುಗುತ್ತಿರುತ್ತದೆ.

ಮೂರನೇ ಹೊತ್ತೂ ಒಂದಿದೆ. ಬುರ್ಖಾ, ಪೇಟದಂಥ ಧಾರ್ಮಿಕ ಅಥವಾ ಸಾಂಪ್ರದಾಯಿಕ ಉಡುಪು, ಸಂಕೇತ ಧರಿಸುವವರು ಕೊನೇ ಪ್ರವೇಶಕ್ಕೆ ಒಂದು ಗಂಟೆ ಮೊದಲೇ, ಅಂದರೆ 12:30ರೊಳಗೆ ಬರಬೇಕು. ಅವರ ತಪಾಸಣೆಗೆ ಸಮಯ ಹಿಡಿಯುತ್ತದೆ ಅಂತ ಈ ನಿಯಮ, ತೆಗೆಸುವುದಕ್ಕಲ್ಲ. ಈ ಸಾಲನ್ನು ಕನ್ನಡ ಮಾಡುವಾಗ ಕೆಲವರು "ಧಾರ್ಮಿಕ ಉಡುಪು ಹಾಕಿದರೆ ಬಿಡುವುದಿಲ್ಲ" ಅಂತ ತಿರುಗಿಸಿ ಹೇಳಿಬಿಡುತ್ತಾರೆ. ಮಗು ಅಳುತ್ತಾ ಕೂರುತ್ತದೆ. ದಯವಿಟ್ಟು ಆ ಸಾಲನ್ನು ಎರಡು ಸಲ ಓದಿ ಹೇಳಿ.

ಗೇಟಿನಲ್ಲಿ: ಯಾವುದು ಒಳಗೆ, ಯಾವುದು ಹೊರಗೆ

ಒಯ್ಯಬೇಕಾದ ಪಟ್ಟಿ ಚಿಕ್ಕದು. ಫೋಟೋ ಅಂಟಿಸಿ, ಹೆಬ್ಬೆಟ್ಟು ಒತ್ತಿದ ಅಡ್ಮಿಟ್ ಕಾರ್ಡ್. ಬಿಡಿ ಪಾಸ್‌ಪೋರ್ಟ್ ಫೋಟೋ. ಮೂಲ ಗುರುತಿನ ಚೀಟಿ. ಬೇಕಿದ್ದರೆ ಪಾರದರ್ಶಕ ನೀರಿನ ಬಾಟಲಿ, ಅದರ ಲೇಬಲ್ ಕಿತ್ತು ಹಾಕಿ. ಅಂಗವೈಕಲ್ಯ ಇರುವವರಿಗೆ, ಬರೆಯಲು ಸಹಾಯಕರನ್ನು ಪಡೆದವರಿಗೆ ಅದರ ಪ್ರಮಾಣಪತ್ರ. ಅಷ್ಟೇ. ಪೆನ್ ಕೂಡ ಬೇಡ, ಕಪ್ಪು ಬಾಲ್ ಪೆನ್ ಅಲ್ಲೇ ಕೊಡುತ್ತಾರೆ. ಅಮ್ಮಂದಿರಿಗೆ ಇದು ನಂಬಲು ಕಷ್ಟ, "ಒಂದು ಪೆನ್ ಇರಲಿ ಬಿಡಪ್ಪಾ" ಅಂತ ಜೇಬಿಗೆ ಹಾಕಿಬಿಡುತ್ತಾರೆ, ಅದು ಗೇಟಿನಲ್ಲಿ ಹೊರಗೆ ಬರುತ್ತದೆ.

ನಿಷೇಧದ ಪಟ್ಟಿ ಉದ್ದ ಇದೆ. ಒಂದೊಂದೇ ಕನ್ನಡ ಮಾಡುತ್ತ ಹೋದರೆ ಕೇಳುವವರಿಗೆ ನೆನಪಿರುವುದಿಲ್ಲ. ಮೈಯ ಪ್ರಕಾರ ಹೇಳಿ. ತಲೆಗೆ ಟೋಪಿ, ತಂಪು ಕನ್ನಡಕ ಬೇಡ. ಕಿವಿ, ಮೂಗು, ಕತ್ತಿನ ಒಡವೆ ಮನೆಯಲ್ಲೇ ತೆಗೆಯಿರಿ. ಮೂಗುಬೊಟ್ಟು ಬಿಗಿಯಾಗಿ ಕೂತಿದ್ದರೆ ಹಿಂದಿನ ದಿನವೇ ತೆಗೆಸಿ, ಗೇಟಿನಲ್ಲಿ ಎಳೆದಾಡಿದರೆ ರಕ್ತ ಬರುತ್ತದೆ. ತೋಳು ಗಿಡ್ಡ ಇರಲಿ, ಉದ್ದ ತೋಳು ಬೇಡ. ಕೈಗೆ ಯಾವ ವಾಚೂ ಬೇಡ, ಮುಳ್ಳಿನ ವಾಚೂ ಬೇಡ, ಬಳೆ ಬ್ರೇಸ್‌ಲೆಟ್ ಬೇಡ. ಸೊಂಟಕ್ಕೆ ಬೆಲ್ಟ್ ಬೇಡ. ಜೇಬಿನಲ್ಲಿ ಪರ್ಸ್, ಫೋನ್, ಇಯರ್‌ಫೋನ್, ಚೀಟಿ ಏನೂ ಬೇಡ. ಕಾಲಿಗೆ ಚಪ್ಪಲಿ ಅಥವಾ ಹಿಮ್ಮಡಿ ತಗ್ಗಿರುವ ಸ್ಯಾಂಡಲ್, ಶೂ ಬೇಡ. ತಿಂಡಿ ಪೊಟ್ಟಣವೂ ಬೇಡ. ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಮಾತ್ರ ಸಕ್ಕರೆ ಮಾತ್ರೆ, ಬಾಳೆಹಣ್ಣು ಸೇಬಿನಂಥ ಹಣ್ಣಿಗೆ ಅವಕಾಶ ಇದೆ. ಅವರು ವೈದ್ಯರ ಚೀಟಿ ಜೊತೆಗಿಟ್ಟುಕೊಂಡು ಬೇಗ ಹೋಗುವುದು ಒಳ್ಳೆಯದು.

ನಿಷೇಧದ ಪಟ್ಟಿಯ ವಸ್ತುಗಳನ್ನು ಕೇಂದ್ರದಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ ಇರುವುದಿಲ್ಲ. ಹಾಗಾಗಿ ಮಗು ಒಂಟಿಯಾಗಿ ಮೆಟ್ರೋದಲ್ಲಿ ಬಂದರೆ ಫೋನನ್ನು ಎಲ್ಲಿ ಇಡುತ್ತದೆ? ಜೊತೆಗೆ ಒಬ್ಬರು ಹೋಗಲೇಬೇಕು. 5 ಗಂಟೆಗೆ ಮುಂಚೆ ಯಾರನ್ನೂ ಹೊರಗೆ ಬಿಡುವುದಿಲ್ಲ, ಹೊರಗೆ ಬಂದಾಗ ಎಲ್ಲಿ ನಿಂತಿರುತ್ತೀರಿ ಅಂತ ಮೊದಲೇ ಹೇಳಿಡಿ.

ಗುರುತಿನ ಚೀಟಿಯ ಪಜೀತಿ

ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಪಾಸ್‌ಪೋರ್ಟ್, ಫೋಟೋ ಇರುವ ರೇಷನ್ ಕಾರ್ಡ್, ದ್ವಿತೀಯ ಪಿಯು ಹಾಲ್ ಟಿಕೆಟ್, ಇವುಗಳಲ್ಲಿ ಒಂದು ಸಾಕು. ಎಲ್ಲವೂ ಬೇಕು ಅಂತಲ್ಲ. ಆದರೆ ಮೂಲವೇ ಬೇಕು. ಜೆರಾಕ್ಸ್ ನಡೆಯುವುದಿಲ್ಲ, ಗೆಜೆಟೆಡ್ ಅಧಿಕಾರಿ ಸಹಿ ಮಾಡಿದ ಜೆರಾಕ್ಸ್ ಕೂಡ ನಡೆಯುವುದಿಲ್ಲ. ಫೋನಿನಲ್ಲಿರುವ ಆಧಾರ್ ಫೋಟೋ ಅಂತೂ ಆಗಲೇ ಆಗದು, ಫೋನೇ ಒಳಗೆ ಬರುವುದಿಲ್ಲವಲ್ಲ. ಯುಐಡಿಎಐ ಸೈಟಿನಿಂದ ಇಳಿಸಿ ಪ್ರಿಂಟ್ ತೆಗೆದ ಇ-ಆಧಾರ್ ಮಾತ್ರ ಆಗುತ್ತದೆ. ಕಾರ್ಡ್ ಕಳೆದುಹೋಗಿದ್ದವರಿಗೆ ಇದು ದಾರಿ. ಪ್ರಿಂಟ್ ಕಲರಿನಲ್ಲಿ ಇರಲಿ, ಮುಖ ಕಾಣಬೇಕು.

ನಮ್ಮ ಕಡೆ ಇನ್ನೊಂದು ತಾಪತ್ರಯ, ಹೆಸರಿನ ಇನಿಷಿಯಲ್. ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡಕ್ಷರ ಇರುತ್ತದೆ, ಆಧಾರಿನಲ್ಲಿ ಬರೀ ಹೆಸರು, ಪಿಯು ಹಾಲ್ ಟಿಕೆಟಿನಲ್ಲಿ ಅಪ್ಪನ ಹೆಸರೂ ಸೇರಿ ಉದ್ದ. ಇದ್ದ ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರಡಿ, ಅಡ್ಮಿಟ್ ಕಾರ್ಡಿನ ಇಂಗ್ಲಿಷ್ ಅಕ್ಷರಗಳಿಗೆ ಯಾವುದು ಹೆಚ್ಚು ಹತ್ತಿರ ಅಂತ ನೋಡಿ, ಅದನ್ನು ಮುಖ್ಯ ಚೀಟಿ ಮಾಡಿಕೊಳ್ಳಿ. ಎರಡನೆಯದನ್ನೂ ಜೊತೆಗೆ ಒಯ್ಯಿರಿ. ಹುಡುಗಿ ಹತ್ತು ವರ್ಷದವಳಿದ್ದಾಗ ತೆಗೆದ ಆಧಾರ್ ಫೋಟೋ ಇದ್ದರೆ ಪಿಯು ಹಾಲ್ ಟಿಕೆಟ್ ಹೆಚ್ಚು ಸಹಾಯಕ್ಕೆ ಬರುತ್ತದೆ.

ಒಂದು ಮನೆಗೆ ಮಾಡಿದ ಹಾಳೆ

ಮನೆ ವಿಜಯನಗರ, ಕೇಂದ್ರ ಜಾಲಹಳ್ಳಿ ಏರ್‌ಫೋರ್ಸ್ ಕಡೆಯ ಒಂದು ಕೇಂದ್ರೀಯ ವಿದ್ಯಾಲಯ, ರಿಪೋರ್ಟಿಂಗ್ 11:30 ಅಂತ ಇಟ್ಟುಕೊಳ್ಳಿ. ಮೊದಲ ಅಪಾಯ ವಿಳಾಸದಲ್ಲೇ ಇದೆ. ಆ ಕಡೆ ಕೇಂದ್ರೀಯ ವಿದ್ಯಾಲಯಗಳು ಒಂದಕ್ಕಿಂತ ಜಾಸ್ತಿ. ನಂಬರ್ 1, ನಂಬರ್ 2, ಪೂರ್ವ, ಪಶ್ಚಿಮ ಅಂತ ಇರುವ ಪದಗಳನ್ನು ಅನುವಾದದಲ್ಲಿ ಬಿಡಲೇಬಾರದು, ಆಟೋದವರಿಗೆ ಬರೀ "ಜಾಲಹಳ್ಳಿ ಕೆ.ವಿ." ಅಂದರೆ ಯಾವುದೋ ಒಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಎರಡನೆಯದು, ಜಾಲಹಳ್ಳಿ ಅನ್ನುವ ಮೆಟ್ರೋ ಸ್ಟೇಷನ್ ತುಮಕೂರು ರಸ್ತೆಯಲ್ಲಿದೆ. ಅಲ್ಲಿ ಇಳಿದರೆ ಏರ್‌ಫೋರ್ಸ್ ಕಡೆಗೆ ಇನ್ನೂ ಕೆಲವು ಕಿಲೋಮೀಟರ್ ಆಟೋದಲ್ಲಿ ಹೋಗಬೇಕು. ಹಿಂದಿನ ದಿನ ಒಬ್ಬರು ಹೋಗಿ ಗೇಟ್ ನೋಡಿಕೊಂಡು ಬರುವುದು ಒಳ್ಳೆಯದು. ಸೂಚನೆಯ ಹಾಳೆಯಲ್ಲೂ ಒಂದು ದಿನ ಮೊದಲು ಕೇಂದ್ರ ನೋಡಿ ಬನ್ನಿ ಅಂತಲೇ ಇರುತ್ತದೆ. ಮೇ ತಿಂಗಳು, ಮಳೆ ಬಂದರೂ ಬರಬಹುದು, ಕಾರ್ಡನ್ನು ದಾರಿಯುದ್ದಕ್ಕೂ ಪ್ಲಾಸ್ಟಿಕ್ ಕವರಿನಲ್ಲಿಡಿ, ಗೇಟಿನಲ್ಲಿ ಕವರನ್ನು ನೀವೇ ಇಟ್ಟುಕೊಳ್ಳಿ, ಅದನ್ನೂ ಒಳಗೆ ಬಿಡುವುದಿಲ್ಲ.

ಆ ಮನೆಯ ಗೋಡೆಗೆ ಅಂಟಿಸುವ ಹಾಳೆ ಹೀಗಿರುತ್ತದೆ:

> ಶುಕ್ರವಾರ: ಫೋಟೋ ಮೂರು. ಕಾರ್ಡ್ ಎರಡು ಪ್ರತಿ, ಎಲ್ಲ ಪುಟ.
> ಶನಿವಾರ: ಎರಡು ಫೋಟೋ ಅಂಟಿಸುವುದು. ಎಡ ಹೆಬ್ಬೆಟ್ಟು. ಸಹಿ ಚೌಕ ಖಾಲಿ. ಅಪ್ಪ ಹೋಗಿ ಗೇಟ್ ನೋಡುವುದು. ಒಡವೆ ತೆಗೆಯುವುದು.
> ಭಾನುವಾರ 9:30: ಗಟ್ಟಿ ತಿಂಡಿ. ಗಿಡ್ಡ ತೋಳು, ಚಪ್ಪಲಿ.
> 9:45: ಮನೆ ಬಿಡುವುದು. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲು, ಆಮೇಲೆ ಆಟೋ.
> 11:30: ಗೇಟು. ಕೈಲಿ ಕಾರ್ಡ್, ಆಧಾರ್, ಒಂದು ಫೋಟೋ, ನೀರು. ಉಳಿದದ್ದೆಲ್ಲ ಅಪ್ಪನ ಹತ್ತಿರ.
> 1:30: ಗೇಟ್ ಮುಚ್ಚುತ್ತದೆ.
> ಒಳಗೆ: ಹೇಳಿದ ಮೇಲೆ ಮಾತ್ರ ಸಹಿ. 2ರಿಂದ 5 ಪರೀಕ್ಷೆ.
> ಮುಗಿದ ಮೇಲೆ: ಓಎಂಆರ್ ಉತ್ತರ ಹಾಳೆ ಮತ್ತು ಕಾರ್ಡ್ ಅಲ್ಲೇ ಕೊಟ್ಟು ಬರುವುದು.

ಮೂಲದಲ್ಲಿ ಪುಟಗಟ್ಟಲೆ ಇರುವುದು ಇಲ್ಲಿ ಒಂದು ಹಾಳೆಗೆ ಬಂತು. ಬರೆದಾದ ಮೇಲೆ ಮಗುವಿನ ಕೈಗೆ ಇಂಗ್ಲಿಷ್ ಹಾಳೆ, ಅಮ್ಮನ ಕೈಗೆ ಕನ್ನಡ ಹಾಳೆ ಕೊಟ್ಟು ಇಬ್ಬರನ್ನೂ ಒಂದೊಂದೇ ಸಾಲು ಓದಲು ಹೇಳಿ. ಎಲ್ಲಿ ಇಬ್ಬರ ಮಾತು ಸೇರುವುದಿಲ್ಲವೋ ಅಲ್ಲಿ ತಪ್ಪಿದೆ. ಹಳೇ ವರ್ಷದ್ದು, ವಾಟ್ಸ್ಯಾಪಿನಲ್ಲಿ ತಿರುಗುವ ಕನ್ನಡ ಪಟ್ಟಿಗಳನ್ನು ಇದಕ್ಕೆ ಸೇರಿಸಬೇಡಿ. ಕೋವಿಡ್ ಕಾಲದ ಸ್ಯಾನಿಟೈಸರ್, ಮಾಸ್ಕ್ ಸಾಲುಗಳು ಇನ್ನೂ ಕೆಲವದರಲ್ಲಿ ಉಳಿದಿವೆ.

ಕೊನೇ ಸಾಲಿನ ಬಗ್ಗೆ ಇನ್ನೊಂದು ಮಾತು. ಪರೀಕ್ಷೆ ಮುಗಿದ ಮೇಲೆ ತುಂಬಿದ ಅಡ್ಮಿಟ್ ಕಾರ್ಡನ್ನು ಮೇಲ್ವಿಚಾರಕರಿಗೆ ಒಪ್ಪಿಸಬೇಕು, ಇಲ್ಲದಿದ್ದರೆ ಉತ್ತರ ಪತ್ರಿಕೆ ನೋಡದೇ ಹೋಗಬಹುದು ಅಂತ ಸೂಚನೆಯಲ್ಲೇ ಇದೆ. ಆದರೆ ಮುಂದೆ ಮೆಡಿಕಲ್ ಸೀಟು ಹಂಚುವ ಎಂಸಿಸಿ ಕೌನ್ಸೆಲಿಂಗ್ ದಾಖಲೆಗಳಲ್ಲಿ ನೀಟ್ ಅಡ್ಮಿಟ್ ಕಾರ್ಡನ್ನೂ ಕೇಳುತ್ತಾರೆ. ಹಾಗಾಗಿ ಎರಡನೇ ಪ್ರತಿಯನ್ನು ಮನೆಯಲ್ಲಿ ಫೈಲಿನಲ್ಲಿ ಹಾಕಿಡಿ, ಪಿಡಿಎಫನ್ನು ಮಗುವಿನ ಮೇಲ್‌ಗೂ ಒಂದು ಕಳಿಸಿಡಿ.